ಔಷಧಿ ಬಾಟ್ಲಿಯ ಹಾಳೆ ಫೋಟೋ ತೆಗೆದು ಅನುವಾದ ಮಾಡಿದರೆ ತಪ್ಪು ಬರ್ತಿದೆಯಾ? ದೋಷ ಎಲ್ಲಿದೆ ಅಂತ ಹೀಗೆ ಹುಡುಕಿ

ಶ್ರೀನಿವಾಸಪುರದ ಹತ್ತಿರ ಟೊಮ್ಯಾಟೊ ಹಾಕಿರುವ ನಮ್ಮ ಚಿಕ್ಕಪ್ಪ ಒಂದು ಸಂಜೆ ಫೋನ್ ಮಾಡಿದರು. ಬಿಳಿ ನೊಣಕ್ಕೆ ಅಂತ ಹೊಸ ಔಷಧಿ ತಂದಿದ್ದರು. ಬಾಟ್ಲಿ ಜೊತೆ ಬಂದ ಹಾಳೆ ಇಂಗ್ಲಿಷಿನಲ್ಲಿತ್ತು. ಪಂಪ್ ಮನೆಯ ಬಲ್ಬಿನ ಕೆಳಗೆ ಅದರ ಫೋಟೋ ತೆಗೆದು, ಮಗಳಿಗೆ ವಾಟ್ಸ್ಆ್ಯಪ್ ಮಾಡಿ, ಅವಳು ಅದನ್ನು ಕನ್ನಡಕ್ಕೆ ತಿರುಗಿಸಿ ಕಳಿಸಿದ್ದಳು. "ಲೀಟರಿಗೆ 5 ಎಂ.ಎಲ್. ಅಂತ ಬಂದಿದೆ ಕಣೋ. ಅಂಗಡಿಯವರು ಅರ್ಧ ಅಂತ ಏನೋ ಅಂದಂಗಿತ್ತು. ಯಾವುದು ಸರಿ?" ಅಂತ ಕೇಳಿದರು.

ಹಾಳೆಯಲ್ಲಿ ಇದ್ದದ್ದು `0.5 ml`. ಫೋಟೋದಲ್ಲಿ ಚುಕ್ಕೆ ಅಳಿಸಿಹೋಗಿತ್ತು. 16 ಲೀಟರಿನ ಟ್ಯಾಂಕಿಗೆ 8 ಎಂ.ಎಲ್. ಹಾಕಬೇಕಾದ ಕಡೆ 80 ಎಂ.ಎಲ್. ಆಗುತ್ತಿತ್ತು. ಒಂದು ಚುಕ್ಕೆಗೆ ಹತ್ತು ಪಟ್ಟು ವಿಷ. ಅವರು ಅನುಮಾನಪಟ್ಟು ಕೇಳಿದ್ದರಿಂದ ಬೆಳೆಯೂ ಉಳಿಯಿತು, ಔಷಧಿ ಹೊಡೆಯುವವರೂ ಉಳಿದರು.

ಇಂಥ ಹಾಳೆಯ ಫೋಟೋ ಹೇಗೆ ತೆಗೆಯಬೇಕು, ಅನುವಾದ ಕೆಟ್ಟರೆ ದೋಷ ಎಲ್ಲಿದೆ ಅಂತ ಹೇಗೆ ಕಂಡುಹಿಡಿಯಬೇಕು ಅನ್ನುವುದನ್ನು ಕಣ್ಣಿಗೆ ಕಾಣುವ ಲಕ್ಷಣ ಹಿಡಿದುಕೊಂಡು ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

ಫೋನ್ ತೆಗೆಯುವ ಮುಂಚೆ ಹಾಳೆ ಮಗುಚಿ ನೋಡಿ

ಕೀಟನಾಶಕದ ಜೊತೆ ಬರುವ ಹಾಳೆಯನ್ನು ಹಿಂದಿ, ಇಂಗ್ಲಿಷ್ ಜೊತೆಗೆ ಮಾರುವ ಜಾಗದ ಭಾಷೆಯಲ್ಲೂ ಅಚ್ಚು ಹಾಕಬೇಕು ಅಂತ ನಿಯಮವೇ ಇದೆ. ಹಾಳೆಯನ್ನು ಎಂಟು ಹತ್ತು ಮಡಿಕೆ ಮಾಡಿ ಬಾಟ್ಲಿಗೆ ಅಂಟಿಸಿರುತ್ತಾರೆ. ನಾವು ಮೇಲೆ ಕಾಣುವ ಇಂಗ್ಲಿಷ್ ನೋಡಿ ಫೋನ್ ತೆಗೆಯುತ್ತೇವೆ. ಪೂರ್ತಿ ಬಿಚ್ಚಿ, ಎರಡೂ ಕಡೆ ನೋಡಿ. ಕನ್ನಡ ಒಳಗೆ ಎಲ್ಲೋ ಒಂದು ಮೂಲೆಯಲ್ಲಿ ಇದ್ದರೂ ಇರಬಹುದು. ಇದ್ದರೆ ಫೋಟೋನೂ ಬೇಡ, ಅನುವಾದವೂ ಬೇಡ.

ಗಡಿಯ ಆಚೆ, ಮದನಪಲ್ಲಿಯಲ್ಲೋ ಕುಪ್ಪಂನಲ್ಲೋ ತಂದಿದ್ದರೆ ಕನ್ನಡದ ಬದಲು ತೆಲುಗು ಇರುತ್ತದೆ. ಅದಕ್ಕೆ ಬೇರೆ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು. ಔಷಧಿ ಮುಟ್ಟಿದ ಕೈಯಲ್ಲಿ ಫೋನ್ ಹಿಡಿಯಬೇಡಿ. ಆ ಫೋನನ್ನೇ ಆಮೇಲೆ ಕೆನ್ನೆಗೆ ಒತ್ತಿಕೊಳ್ಳುತ್ತೇವೆ, ಮಕ್ಕಳ ಕೈಗೂ ಕೊಡುತ್ತೇವೆ. ಬಾಟ್ಲಿ ತೆರೆಯುವ ಮುಂಚೆಯೇ ಫೋಟೋ ಕೆಲಸ ಮುಗಿಸಿ. ಬಾಟ್ಲಿ ಸೋರಿದ್ದರೆ ಕೈಗವಸು ಹಾಕಿಕೊಂಡು ಹಾಳೆ ಬಿಡಿಸಿ, ಕೈ ಸೋಪಿನಲ್ಲಿ ತೊಳೆದು ಆಮೇಲೆ ಫೋನ್ ಮುಟ್ಟಿ.

ಮೊದಲನೇ ಪರೀಕ್ಷೆ: ಫೋನ್ ಏನು ಓದಿದೆ?

ಅನುವಾದ ತಪ್ಪಾಗಿದೆ ಅನ್ನಿಸಿದ ಕೂಡಲೇ ನಾವು ಕನ್ನಡವನ್ನೇ ದಿಟ್ಟಿಸಿ ನೋಡುತ್ತೇವೆ. ಅಲ್ಲಿ ಏನೂ ಗೊತ್ತಾಗುವುದಿಲ್ಲ. ಯಾಕೆಂದರೆ ಫೋನ್ ಎರಡು ಕೆಲಸ ಮಾಡಿರುತ್ತದೆ. ಮೊದಲು ಫೋಟೋದಲ್ಲಿರುವ ಅಕ್ಷರಗಳನ್ನು ಓದಿಕೊಳ್ಳುತ್ತದೆ. ಆಮೇಲೆ ಓದಿದ್ದನ್ನು ಕನ್ನಡಕ್ಕೆ ತಿರುಗಿಸುತ್ತದೆ. ಓದುವಾಗಲೇ ತಪ್ಪಿದ್ದರೆ, ತಪ್ಪಿದ ಮಾತನ್ನೇ ಚೆಂದದ ಕನ್ನಡ ಮಾಡಿ ಕೊಡುತ್ತದೆ. ಓದಿದರೆ ಅನುಮಾನವೇ ಬರುವುದಿಲ್ಲ. "ಲೀಟರಿಗೆ 5 ಮಿಲಿ ಬೆರೆಸಿ" ಅನ್ನುವುದರಲ್ಲಿ ಕನ್ನಡದ ತಪ್ಪು ಏನಿದೆ ಹೇಳಿ?

ಅದಕ್ಕೇ ಫೋನ್ ಓದಿಕೊಂಡ ಮೂಲ ಅಕ್ಷರವನ್ನು ಬೇರೆ ತೆಗೆದು ನೋಡಬೇಕು. ಗೂಗಲ್ ಲೆನ್ಸ್‌ನಲ್ಲಿ ಫೋಟೋ ತೆರೆದು, ಅನುವಾದದ ಗುಂಡಿ ಒತ್ತದೆ, ಅಕ್ಷರಗಳ ಮೇಲೆ ಬೆರಳಿಟ್ಟು ಆರಿಸಿಕೊಳ್ಳಿ. `Copy` ಅಂತ ಬರುತ್ತದೆ. ಅದನ್ನು ಒತ್ತಿ, ನೀವೇ ನಿಮಗೆ ಮೆಸೇಜ್ ಬರೆಯುವ ಜಾಗದಲ್ಲಿ ಅಂಟಿಸಿ. ಈಗ ಅಂಟಿಸಿದ್ದನ್ನೂ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಇಂಗ್ಲಿಷ್ ಅರ್ಥ ಆಗಬೇಕಾಗಿಲ್ಲ. ಅಕ್ಷರದ ಆಕಾರ ಒಂದೇ ಇದೆಯಾ, ಅಂಕಿ ಒಂದೇ ಇದೆಯಾ, ಅಷ್ಟು ನೋಡಿದರೆ ಸಾಕು. ಏಳನೇ ಕ್ಲಾಸಿನ ಮಗು ಕೂಡ ಮಾಡಬಲ್ಲ ಕೆಲಸ.

ಹೋಲಿಸಿದಾಗ ವ್ಯತ್ಯಾಸ ಕಂಡರೆ ದೋಷ ಫೋಟೋದಲ್ಲಿದೆ. ಕೆಳಗಿನ ಲಕ್ಷಣಗಳಲ್ಲಿ ನಿಮ್ಮದು ಯಾವುದು ನೋಡಿಕೊಳ್ಳಿ. ಎಲ್ಲ ಒಂದೇ ಇದ್ದು ಕನ್ನಡ ಮಾತ್ರ ವಿಚಿತ್ರವಾಗಿದ್ದರೆ, ಎಷ್ಟು ಫೋಟೋ ತೆಗೆದರೂ ಪ್ರಯೋಜನವಿಲ್ಲ. ಅದು ಅನುವಾದದ ದೋಷ.

ಫೋಟೋ ಪೂರ್ತಿ ಮಂಜು ಹಿಡಿದಂತಿದೆ

ಕಪ್ಪು ಅಕ್ಷರ ಬೂದಿ ಬಣ್ಣಕ್ಕೆ ತಿರುಗಿದೆ. ಬಲ್ಬಿನ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ಇದು ಕ್ಯಾಮೆರಾ ಗಾಜಿನ ಮೇಲಿನ ಜಿಡ್ಡು. ಜೇಬಿನ ಧೂಳು, ಬೆರಳಿನ ಎಣ್ಣೆ, ಹೊಲದ ಬೆವರು ಎಲ್ಲ ಅಲ್ಲಿ ಕೂತಿರುತ್ತದೆ. ಮೆತ್ತನೆಯ ಹತ್ತಿ ಬಟ್ಟೆಗೆ ಒಂದು ಹನಿ ನೀರು ತಾಕಿಸಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಮಣ್ಣು ಮೆತ್ತಿದ ಪಂಚೆ ಅಂಚಿನಲ್ಲಿ ಉಜ್ಜಿದರೆ ಗಾಜು ಗೀರಿಕೊಳ್ಳುತ್ತದೆ.

ಒರೆಸಿದ ಮೇಲೂ ಮಂಜು ಹಾಗೇ ಇದ್ದರೆ, ಕವರಿನ ಪ್ಲಾಸ್ಟಿಕ್ಕು ಗಾಜಿನ ಮೇಲೆ ಬಂದಿದೆಯಾ ನೋಡಿ. ಕವರು ತೆಗೆದು ಒಂದು ಫೋಟೋ ತೆಗೆಯಿರಿ. ಅದಕ್ಕೂ ಹೋಗದಿದ್ದರೆ ಗಾಜಿನ ಒಳಗೆ ತೇವ ಸೇರಿರಬಹುದು. ಅದು ರಿಪೇರಿ ಅಂಗಡಿ ಕೆಲಸ. ಸದ್ಯಕ್ಕೆ ಮನೆಯ ಬೇರೆಯವರ ಫೋನಿನಲ್ಲಿ ತೆಗೆಯಿರಿ.

ಅಕ್ಷರ ಅದುರಿದಂತೆ, ಅಥವಾ ಊದಿಕೊಂಡಂತೆ ಕಾಣುತ್ತದೆ

ಇವೆರಡನ್ನೂ ನಾವು "ಬ್ಲರ್" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಕಾರಣ ಬೇರೆ, ಮದ್ದೂ ಬೇರೆ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಒಂದು ಅಕ್ಷರ ಹತ್ತಿರದಿಂದ ನೋಡಿ.

ಅಕ್ಷರ ಒಂದೇ ದಿಕ್ಕಿಗೆ ಎಳೆದಂತೆ, ಪಕ್ಕದಲ್ಲಿ ಅದರದೇ ಇನ್ನೊಂದು ನೆರಳು ಇದ್ದಂತೆ ಕಂಡರೆ ನಿಮ್ಮ ಕೈ ಅದುರಿದೆ. ಕತ್ತಲಲ್ಲಿ ಇದು ಜಾಸ್ತಿ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ಬೆಳಕು ಕೂಡಿಸಿಕೊಳ್ಳಲು ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತದೆ. ಅಷ್ಟರಲ್ಲಿ ಕೈ ಒಂದು ಕೂದಲೆಳೆ ಸರಿದರೂ ಅಕ್ಷರ ಎರಡಾಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ಬೆಳಗಾಗುವವರೆಗೆ ಕಾಯುವುದು. ಕಾಯಲು ಆಗದಿದ್ದರೆ ಫೋನಿಗೆ ಆಸರೆ ಕೊಡಿ. ಅಡುಗೆಮನೆಯ ಸಣ್ಣ ಡಬ್ಬಿ ಒಂದು, ಸುಮಾರು 15 ಸೆಂ.ಮೀ. ಎತ್ತರದ್ದು, ಹಾಳೆ ಪಕ್ಕದಲ್ಲಿಡಿ. ಫೋನನ್ನು ಅದರ ಮೇಲೆ ಮಲಗಿಸಿ, ಕ್ಯಾಮೆರಾ ಇರುವ ತುದಿ ಮಾತ್ರ ಹಾಳೆಯ ಮೇಲೆ ಚಾಚಿಕೊಂಡಿರಲಿ. ಕ್ಯಾಮೆರಾದಲ್ಲಿ 3 ಸೆಕೆಂಡಿನ ಟೈಮರ್ ಹಾಕಿ. ಗುಂಡಿ ಒತ್ತುವಾಗ ಆಗುವ ಅದುರು ಆ ಮೂರು ಸೆಕೆಂಡಿನಲ್ಲಿ ನಿಂತಿರುತ್ತದೆ.

ಅಕ್ಷರ ಎಲ್ಲ ಕಡೆಗೂ ಸಮನಾಗಿ ಊದಿಕೊಂಡಂತೆ, ನೀರಿಗೆ ಬಿದ್ದ ಶಾಯಿಯಂತೆ ಕಂಡರೆ ಫೋಕಸ್ ಸರಿಯಾಗಿಲ್ಲ. ಸಣ್ಣ ಅಕ್ಷರ ಅಂತ ಫೋನನ್ನು ಹಾಳೆಗೆ ಅಂಟಿಸಿ ಹಿಡಿಯುತ್ತೇವಲ್ವಾ, ಅದೇ ಕಾರಣ. ಕಣ್ಣಿಗೆ ತೀರಾ ಹತ್ತಿರ ತಂದರೆ ಬೆರಳು ಹೇಗೆ ಮಂಜಾಗುತ್ತದೋ ಕ್ಯಾಮೆರಾಕ್ಕೂ ಹಾಗೆ. ಬಹಳ ಫೋನುಗಳಿಗೆ ಸುಮಾರು 10 ಸೆಂ.ಮೀ. ಒಳಗೆ ಬಂದರೆ ಕಾಣುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ ಇಡಿ. ಪರದೆಯ ಮೇಲೆ ಅಕ್ಷರ ಇರುವ ಕಡೆ ಒಮ್ಮೆ ಬೆರಳು ತಾಕಿಸಿ. ಚೌಕ ಅಥವಾ ಉಂಗುರ ಕಾಣಿಸಿಕೊಂಡು, ಅಕ್ಷರ ಚೂಪಾದ ಮೇಲೆ ಗುಂಡಿ ಒತ್ತಿ. ಇನ್ನೂ ಹತ್ತಿರ ಬೇಕು ಅನ್ನಿಸಿದರೆ ದೂರ ಹಾಗೇ ಇಟ್ಟು `2x` ಒತ್ತಿ. ಅದಕ್ಕಿಂತ ಜಾಸ್ತಿ ಎಳೆದರೆ ಅಕ್ಷರ ದೊಡ್ಡದಾಗುತ್ತದೆ ಅಷ್ಟೆ, ಹೊಸ ವಿವರ ಏನೂ ಬರುವುದಿಲ್ಲ.

ಕಡಿಮೆ ಬೆಲೆಯ ಫೋನುಗಳಲ್ಲಿ "ಮ್ಯಾಕ್ರೊ" ಅಂತ ಒಂದು ಕ್ಯಾಮೆರಾ ಇರುತ್ತದೆ. ಹೂವಿನ ಫೋಟೋಗೆ ಚೆಂದ. ಹಾಳೆಗೆ ಬೇಡ. ಅದು ಬಹಳ ಸಲ 2 ಮೆಗಾಪಿಕ್ಸೆಲ್ ಮಾತ್ರ. ಮುಖ್ಯ ಕ್ಯಾಮೆರಾವೇ ಇರಲಿ.

ಮಧ್ಯೆ ಚೆನ್ನಾಗಿದೆ, ಅಂಚಿನಲ್ಲಿ ಕೆಟ್ಟಿದೆ

ಫೋನ್ ಓರೆಯಾಗಿದೆ, ಇಲ್ಲವೇ ಹಾಳೆ ಉಬ್ಬಿದೆ. ಫೋಟೋದಲ್ಲಿ ಹಾಳೆಯ ಮೇಲಿನ ಅಂಚು ಚಿಕ್ಕದಾಗಿ, ಕೆಳಗಿನ ಅಂಚು ದೊಡ್ಡದಾಗಿ ಕಂಡರೆ ಫೋನ್ ಓರೆ ಅಂತಲೇ ಲೆಕ್ಕ. ಫೋನ್ ಹಾಳೆಗೆ ಸಮನಾಗಿ, ನೇರ ಮೇಲಿರಬೇಕು.

ಹಾಳೆ ಉಬ್ಬಿದ್ದರೆ ಮಡಿಕೆಯ ಎದುರು ದಿಕ್ಕಿಗೆ ಒಮ್ಮೆ ಮಡಿಸಿ ಬಿಡಿಸಿ. ಅರ್ಧ ಗಂಟೆ ದಪ್ಪ ಪುಸ್ತಕದ ಕೆಳಗಿಟ್ಟರೂ ಸಾಕು. ನಾಲ್ಕು ಮೂಲೆಗೆ ನಾಲ್ಕು ಹುಣಸೆ ಬೀಜ ಇಟ್ಟರೂ ನಡೆಯುತ್ತದೆ, ಅಕ್ಷರ ಮುಚ್ಚದಿದ್ದರೆ ಆಯಿತು. ಗಾಜು ಮಾತ್ರ ಇಡಬೇಡಿ, ಬೆಳಕು ಹೊಳೆಯುತ್ತದೆ.

ಬಾಟ್ಲಿಗೆ ಅಂಟಿರುವ ಚೀಟಿ ಆದರೆ ಅದು ದುಂಡಗೆ ಬಾಗಿರುತ್ತದೆ, ಚಪ್ಪಟೆ ಮಾಡಲು ಆಗುವುದಿಲ್ಲ. ಬಾಟ್ಲಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೂರು ನಾಲ್ಕು ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ನಡುವಿನ ಭಾಗವನ್ನಷ್ಟೇ ನಂಬಿ. ಬಾಟ್ಲಿಯನ್ನು ಕೈಯಲ್ಲಿ ಎತ್ತಿ ಮುಖದ ಹತ್ತಿರ ತರಬೇಡಿ.

ಬಿಳಿ ಮಚ್ಚೆ ಬಂದು ಸಾಲು ಮಾಯ

ನುಣುಪು ಕಾಗದ, ಬಾಟ್ಲಿ ಚೀಟಿ, ಮಾತ್ರೆಯ ಬೆಳ್ಳಿ ಹಾಳೆ ಇವುಗಳಲ್ಲಿ ಇದು ದಿನಾ ನಡೆಯುವ ತೊಂದರೆ. ಬೆಳಕು ಹಾಳೆಗೆ ಬಡಿದು ನೇರ ಕ್ಯಾಮೆರಾ ಕಣ್ಣಿಗೇ ಬರುತ್ತಿದೆ. ಮೊದಲು ಫ್ಲ್ಯಾಶ್ ಆರಿಸಿ. ಫ್ಲ್ಯಾಶ್ ಕ್ಯಾಮೆರಾ ಪಕ್ಕದಲ್ಲೇ ಇರುವುದರಿಂದ ಆ ಬೆಳಕು ವಾಪಸ್ ಅಲ್ಲಿಗೇ ಬರುತ್ತದೆ.

ಆರಿಸಿದ ಮೇಲೂ ಮಚ್ಚೆ ಇದ್ದರೆ, ತಲೆ ಮೇಲಿನ ಬಲ್ಬು ಕಾರಣ. ಹಾಳೆಯನ್ನು ಕಿಟಕಿ ಪಕ್ಕಕ್ಕೆ ತನ್ನಿ. ಬೆಳಕು ಮೇಲಿಂದ ಬರದೆ, ಎಡದಿಂದಲೋ ಬಲದಿಂದಲೋ ಬರಬೇಕು. ಆಗ ಹೊಳಪು ಆಚೆ ಕಡೆಗೆ ಹೋಗಿಬಿಡುತ್ತದೆ, ಕ್ಯಾಮೆರಾಕ್ಕೆ ಅಕ್ಷರ ಮಾತ್ರ ಕಾಣುತ್ತದೆ.

ನೆರಳು ಬಿದ್ದರೂ ಇದೇ ಮದ್ದು. ಬೆಳಕು ನಿಮ್ಮ ಬೆನ್ನ ಹಿಂದೆ ಇದ್ದರೆ ನಿಮ್ಮ ತಲೆ, ಫೋನು ಎರಡರ ನೆರಳೂ ಹಾಳೆ ಮೇಲೆ ಬೀಳುತ್ತದೆ. ಪಕ್ಕಕ್ಕೆ ತಿರುಗಿ ಕೂತರೆ ಹೋಗುತ್ತದೆ.

ಹೊಲದಲ್ಲಿದ್ದೀರಿ, ಮನೆ ದೂರ ಅಂತಾದರೆ ಹೊಂಗೆ ಮರದ ಕೆಳಗೆ ಹೋಗಿ ತೆಗೆಯುವುದು ರೂಢಿ. ಅಲ್ಲಿ ಎಲೆಯ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ನಮ್ಮ ಕಣ್ಣು ಅದನ್ನು ಸುಧಾರಿಸಿಕೊಳ್ಳುತ್ತದೆ, ಕ್ಯಾಮೆರಾ ಸುಧಾರಿಸಿಕೊಳ್ಳುವುದಿಲ್ಲ. ಪಂಪ್ ಮನೆಯ ಗೋಡೆ ನೆರಳು ಅದಕ್ಕಿಂತ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಬೆಳಗ್ಗೆ ಎಂಟು ಒಂಬತ್ತರ ಹೊತ್ತಿಗೆ ಮನೆ ಜಗಲಿ. ಬಿಸಿಲು ಅಂಗಳದಲ್ಲಿರುತ್ತದೆ, ಬೆಳಕು ಮಾತ್ರ ಜಗಲಿಗೆ ಬರುತ್ತದೆ.

ಅಕ್ಷರದ ಹಿಂದೆ ಇನ್ನೊಂದು ಅಕ್ಷರ ಕಾಣುತ್ತದೆ

ಔಷಧಿ ಹಾಳೆ ಬಹಳ ತೆಳು. ಹಿಂದಿನ ಪುಟದ ಅಚ್ಚು ಮುಂದಕ್ಕೆ ಕಾಣುತ್ತದೆ. ಫೋನ್ ಅದನ್ನೂ ಓದಲು ಹೋಗಿ ಅರ್ಥವಿಲ್ಲದ ಅಕ್ಷರ ಸೇರಿಸುತ್ತದೆ. ನೀವು ಹೋಲಿಸುವಾಗ ಹಾಳೆಯಲ್ಲಿ ಇಲ್ಲದ ಗೀಟು, ಚುಕ್ಕೆ, ಒಂಟಿ ಅಕ್ಷರ ಸಿಕ್ಕರೆ ಇದೇ ಕಾರಣ ಅಂತ ತಿಳಿಯಿರಿ.

ಬಿಳಿ ಮೇಜಿನ ಮೇಲೆ ಇಟ್ಟರೆ ಇದು ಜಾಸ್ತಿ ಆಗುತ್ತದೆ. ಹಾಳೆಯ ಕೆಳಗೆ ಕಪ್ಪು ಬಟ್ಟೆಯೋ ಕಪ್ಪು ಕಾಗದವೋ ಹಾಸಿ. ಹಾಳೆ ಒಂದು ಚೂರು ಮಂಕಾಗಿ ಕಾಣುತ್ತದೆ, ಆದರೆ ಹಿಂದಿನ ಅಚ್ಚು ಮುಳುಗಿಹೋಗುತ್ತದೆ. ಕಪ್ಪು ಛತ್ರಿಯನ್ನು ಮಡಿಸಿ ಹಾಸಿದರೂ ಆದೀತು.

ಮಾತು ಸರಿ, ಅಂಕಿ ತಪ್ಪು

ಇದು ಎಲ್ಲಕ್ಕಿಂತ ಅಪಾಯದ ದೋಷ. ಪದದಲ್ಲಿ ಒಂದು ಅಕ್ಷರ ಹೋದರೂ ಫೋನ್ ಅಕ್ಕಪಕ್ಕ ನೋಡಿ ಊಹಿಸಿ ಸರಿ ಮಾಡಿಕೊಳ್ಳುತ್ತದೆ. ಅಂಕಿಯಲ್ಲಿ ಊಹಿಸಲು ಏನೂ ಇಲ್ಲ. 0.5 ಕೂಡ ಅಂಕಿ, 5 ಕೂಡ ಅಂಕಿ.

ಚಿಕ್ಕಪ್ಪನ ಫೋಟೋದಲ್ಲಿ ಏನಾಯಿತು ಅಂತ ಲೆಕ್ಕ ಹಾಕಿ ನೋಡೋಣ. ಹಾಳೆ ಎ4 ಅಳತೆಯದ್ದು. ಉದ್ದ 297 ಮಿ.ಮೀ. ಅಕ್ಷರದ ಎತ್ತರ ಸುಮಾರು 1 ಮಿ.ಮೀ. ಅಂಕಿ ನಡುವಿನ ಚುಕ್ಕೆ ಅದರ ಮೂರನೇ ಒಂದು ಭಾಗವೂ ಇಲ್ಲ, 0.3 ಮಿ.ಮೀ. ಅನ್ನಿ. ಅವರ ಫೋನ್ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. ಅಂದರೆ ಉದ್ದಕ್ಕೆ 4000 ಪಿಕ್ಸೆಲ್. ಪಿಕ್ಸೆಲ್ ಅಂದರೆ ಫೋಟೋ ಹೆಣೆದಿರುವ ಸಣ್ಣ ಸಣ್ಣ ಚೌಕ, ರಂಗೋಲಿಯ ಚುಕ್ಕಿ ಇದ್ದಂತೆ. ಚುಕ್ಕಿ ಜಾಸ್ತಿ ಇದ್ದಷ್ಟೂ ಗೆರೆ ಸ್ಪಷ್ಟ.

ಪೂರ್ತಿ ಹಾಳೆಯನ್ನು ಒಂದೇ ಫೋಟೋದಲ್ಲಿ ಹಿಡಿದರೆ ಒಂದು ಮಿ.ಮೀ.ಗೆ 13 ಪಿಕ್ಸೆಲ್ ಸಿಗುತ್ತದೆ. ಅಕ್ಷರಕ್ಕೆ 13, ಚುಕ್ಕೆಗೆ ನಾಲ್ಕು. ಅಕ್ಷರ ಚೆನ್ನಾಗಿ ಓದಲು 20ರ ಆಸುಪಾಸು ಇರಬೇಕು. ಅಲ್ಲಿಗೇ ಸ್ವಲ್ಪ ಕೊರತೆ. ಅದರ ಮೇಲೆ ಅವರು ಅದನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರು. ಬೇಗ ಹೋಗಲಿ ಅಂತ ಅದು ಫೋಟೋವನ್ನು ಕುಗ್ಗಿಸುತ್ತದೆ. ಉದ್ದ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಈಗ ಮಿ.ಮೀ.ಗೆ ಐದು ಪಿಕ್ಸೆಲ್ ಮಾತ್ರ. ಇಡೀ ಅಕ್ಷರಕ್ಕೆ ಐದು, ಚುಕ್ಕೆಗೆ ಒಂದೂವರೆ. ಕುಗ್ಗಿಸುವಾಗ ಆ ಒಂದೂವರೆಯೂ ಬಿಳಿಯಲ್ಲಿ ಕರಗಿತು. ಮಗಳ ಫೋನಿಗೆ ತಲುಪಿದ್ದು `05 ml`. ಅದು ಕನ್ನಡದಲ್ಲಿ 5 ಆಯಿತು.

ಸರಿ ಮಾಡಿದ್ದು ಹೀಗೆ. ಮಾರನೇ ಬೆಳಗ್ಗೆ ಜಗಲಿ ಮೇಲೆ ಹಾಳೆ ಹಾಸಿ, ಅರ್ಧ ಪುಟ ಮಾತ್ರ ಹಿಡಿಯುವಷ್ಟು ಹತ್ತಿರದಿಂದ ತೆಗೆದರು. ಅರ್ಧ ಪುಟದ ಉದ್ದ 210 ಮಿ.ಮೀ. ಈಗ ಮಿ.ಮೀ.ಗೆ 19 ಪಿಕ್ಸೆಲ್. ಅಕ್ಷರಕ್ಕೆ 19, ಚುಕ್ಕೆಗೆ ಆರರ ಹತ್ತಿರ. ಅಂಕಿ ಇರುವ ಸಾಲನ್ನು `2x` ಒತ್ತಿ ಇನ್ನೊಂದು ಸಲ ಬೇರೆಯಾಗಿ ತೆಗೆದರು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಗ್ಯಾಲರಿ ಬದಲು `Document` ಆರಿಸಿ ಕಳಿಸಿದರು. ಹಾಗೆ ಕಳಿಸಿದರೆ ಫೋಟೋ ಕುಗ್ಗದೆ ಇದ್ದ ಹಾಗೇ ಹೋಗುತ್ತದೆ. ಈ ಸಲ `0.5 ml` ಅಂತಲೇ ಓದಿತು.

ನಿಮ್ಮ ಫೋನಿನ ಲೆಕ್ಕ ಬೇರೆ ಇರಬಹುದು. ಲೆಕ್ಕ ಹಾಕುವುದೇ ಬೇಡ ಅನ್ನುವವರು ಒಂದು ಕೆಲಸ ಮಾಡಿ. ಫೋಟೋ ತೆಗೆದ ಮೇಲೆ ಹಿಗ್ಗಿಸಿ, ಚುಕ್ಕೆ ಇರುವ ಅಂಕಿ ಹುಡುಕಿ. ಚುಕ್ಕೆ ದುಂಡಗೆ, ಕಪ್ಪಗೆ, ಅಂಕಿಯಿಂದ ಬೇರೆಯಾಗಿ ನಿಂತಿದ್ದರೆ ಫೋಟೋ ಚೆನ್ನಾಗಿದೆ. ಬೂದಿ ಬಣ್ಣದ ಕಲೆಯಂತಿದ್ದರೆ ಮತ್ತೆ ತೆಗೆಯಿರಿ. ಪುಟ ತುಂಡು ಮಾಡಿ ತೆಗೆಯುವಾಗ ಹಿಂದಿನ ತುಂಡಿನ ಕೊನೆಯ ಎರಡು ಸಾಲು ಮುಂದಿನದರಲ್ಲೂ ಬರಲಿ, ನಡುವೆ ಏನೂ ಬಿಟ್ಟುಹೋಗುವುದಿಲ್ಲ.

ಚುಕ್ಕೆ ಬಿಟ್ಟರೆ ಇನ್ನೆರಡು ಮೋಸ ಗಮನಿಸಿ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರ 1ರ ಹಾಗೆ ಕಾಣುತ್ತದೆ. `5 ml` ಅನ್ನುವುದು `5 m1` ಆಗಬಹುದು. 150-175 ಅಂತ ನಡುವೆ ಅಡ್ಡಗೀಟು ಇರುವ ಕಡೆ ಗೀಟು ಬಿದ್ದು 150175 ಆಗಬಹುದು. ಇದು ಕಣ್ಣಿಗೆ ಬೇಗ ಬೀಳುತ್ತದೆ, ಚುಕ್ಕೆಯಷ್ಟು ಕಳ್ಳ ಅಲ್ಲ.

ಟೊಮ್ಯಾಟೊ ಮುಂದೆ ಹತ್ತಿಯ ಅಳತೆ ಬಂದಿದೆ

ಔಷಧಿ ಹಾಳೆಯ ಮುಖ್ಯ ಭಾಗ ಒಂದು ಕೋಷ್ಟಕ. ಬೆಳೆ, ಕೀಟ, ಔಷಧಿಯ ಪ್ರಮಾಣ, ನೀರು, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನ, ಹೀಗೆ ಪಕ್ಕ ಪಕ್ಕ ಕಾಲಂ ಇರುತ್ತದೆ. ಫೋನ್ ಕೆಲವು ಸಲ ಅಡ್ಡಕ್ಕೆ ಓದುವ ಬದಲು ಉದ್ದಕ್ಕೆ ಓದುತ್ತದೆ. ಬೆಳೆಗಳ ಹೆಸರೆಲ್ಲ ಮೊದಲು, ಅಂಕಿಗಳೆಲ್ಲ ಆಮೇಲೆ. ಯಾವ ಅಂಕಿ ಯಾವ ಬೆಳೆಗೆ ಅಂತ ತಿಳಿಯುವುದೇ ಇಲ್ಲ. ಫೋಟೋ ಎಷ್ಟೇ ಚೂಪಾಗಿದ್ದರೂ ಇದು ಆಗುತ್ತದೆ.

ಇದಕ್ಕೆ ಎರಡು ಖಾಲಿ ಬಿಳಿ ಹಾಳೆ ತಗೊಳ್ಳಿ. ಟೊಮ್ಯಾಟೊ ಇರುವ ಸಾಲಿನ ಮೇಲೊಂದು, ಕೆಳಗೊಂದು ಇಟ್ಟು ಆ ಒಂದು ಸಾಲು ಮಾತ್ರ ಕಾಣುವ ಹಾಗೆ ಮಾಡಿ. ಅದರ ಫೋಟೋ ತೆಗೆಯಿರಿ. ಕಾಲಂಗಳ ತಲೆಬರಹ ಇರುವ ಸಾಲನ್ನೂ ಹೀಗೇ ಬೇರೆ ತೆಗೆಯಿರಿ. ತಲೆಬರಹದಲ್ಲಿ ಮೂರನೆಯದು ಏನು, ಸಾಲಿನಲ್ಲಿ ಮೂರನೆಯ ಅಂಕಿ ಯಾವುದು ಅಂತ ಕೈಯಲ್ಲೇ ಹೊಂದಿಸಿಕೊಳ್ಳಿ. ಔಷಧಿ ಅಂತ ಎರಡು ಕಾಲಂ ಇರುವುದು ಸಾಮಾನ್ಯ. ಒಂದು, ಬಾಟ್ಲಿಯೊಳಗಿನ ಅಸಲಿ ವಿಷದ ತೂಕ. ಇನ್ನೊಂದು, ನೀವು ಬಾಟ್ಲಿಯಿಂದ ಸುರಿಯಬೇಕಾದ ಅಳತೆ. ಟ್ಯಾಂಕಿಗೆ ಬೇಕಾಗಿರುವುದು ಎರಡನೆಯದು. ಅದು ಹೆಕ್ಟೇರಿಗೆ ಎಷ್ಟು ಅಂತ ಇರುತ್ತದೋ ಲೀಟರಿಗೆ ಎಷ್ಟು ಅಂತ ಇರುತ್ತದೋ ತಲೆಬರಹದಲ್ಲಿ ನೋಡಿ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ.

"ಮಾಡಬೇಡಿ" ಅನ್ನುವುದು "ಮಾಡಿ" ಆಗಿದೆ

ನಮ್ಮ ಭಾಷೆಯಲ್ಲಿ "ಬೇಡ" ಅನ್ನುವುದು ಮಾತಿನ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ `Do not` ಅಂತ ಮೊದಲಿಗೇ, ಸಾಲಿನ ಎಡ ತುದಿಯಲ್ಲೇ ಇರುತ್ತದೆ. ಫೋಟೋದಲ್ಲಿ ಎಡ ಅಂಚು ಒಂದು ಬೆರಳಿನಷ್ಟು ಕತ್ತರಿಸಿಹೋದರೆ ಹೋಗುವುದು ಆ ಎರಡು ಪದವೇ. ಉಳಿದದ್ದನ್ನು ಫೋನ್ "ಗಾಳಿಗೆ ಎದುರಾಗಿ ಸಿಂಪಡಿಸಿ" ಅಂತ ತಿರುಗಿಸಿ ಕೊಡುತ್ತದೆ.

ಹಾಳೆಯ ನಾಲ್ಕೂ ಅಂಚಿನಲ್ಲಿ ಖಾಲಿ ಜಾಗ ಒಂದು ಬೆರಳಷ್ಟು ಕಾಣಲಿ. ತುಂಡು ತುಂಡಾಗಿ ತೆಗೆಯುವಾಗಲೂ ಎಡ, ಬಲ ಕತ್ತರಿಸಬೇಡಿ, ಮೇಲೆ ಕೆಳಗೆ ಮಾತ್ರ ತುಂಡು ಮಾಡಿ. ವಾಕ್ಯ ಶುರುವಾಗಿ ಪೂರ್ಣವಿರಾಮ ಬರುವವರೆಗೆ ಒಂದೇ ಫೋಟೋದಲ್ಲಿರಬೇಕು. ಅರ್ಧ ವಾಕ್ಯ ಕೊಟ್ಟರೆ ಕನ್ನಡದಲ್ಲಿ ಕ್ರಿಯಾಪದ ಎಲ್ಲಿ ಇಡಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ.

ತೆಲುಗು ಹಾಳೆ: ಮಾತು ಬರುತ್ತೆ, ಓದಲು ಬರಲ್ಲ

ನಮ್ಮ ಕಡೆ, ಬಾಗೇಪಲ್ಲಿಯಿಂದ ಮುಳಬಾಗಿಲವರೆಗೆ, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದಿದವರು ಲೆಕ್ಕವಿಲ್ಲದಷ್ಟು. ಅಂಥವರಿಗೆ ತೆಲುಗು ಹಾಳೆ ಸಿಕ್ಕರೆ ಅನುವಾದವೇ ಬೇಡ. ಫೋನ್ ಅಕ್ಷರ ಓದಿಕೊಂಡ ಮೇಲೆ ಸ್ಪೀಕರ್ ಗುರುತು ಅಥವಾ `Listen` ಒತ್ತಿ. ತೆಲುಗಿನಲ್ಲೇ ಓದಿ ಹೇಳುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗುವಾಗ ಆಗುವ ತಪ್ಪೆಲ್ಲ ಅಲ್ಲಿಗೇ ತಪ್ಪುತ್ತದೆ.

ಭಾಷೆಯನ್ನು ತಾನಾಗಿ ಹುಡುಕಿಕೊಳ್ಳಲಿ ಅಂತ ಬಿಡಬೇಡಿ, ತೆಲುಗು ಅಂತ ನೀವೇ ಆರಿಸಿ. ಎರಡೂ ಲಿಪಿ ಅಕ್ಕತಂಗಿಯರ ಹಾಗೆ. ಫೋಟೋ ಮಸುಕಾಗಿದ್ದರೆ ಅದಲುಬದಲಾಗಬಹುದು. ತಲೆಕಟ್ಟು, ಗುಣಿತದ ಗುರುತು, ಕೆಳಗಿನ ಒತ್ತಕ್ಷರ ಇವು ಮೊದಲು ಅಳಿಯುತ್ತವೆ. ಇಂಗ್ಲಿಷಿಗಿಂತ ಇನ್ನಷ್ಟು ಹತ್ತಿರದಿಂದ, ಕಾಲು ಪುಟದಂತೆ ತೆಗೆಯಿರಿ.

ಓದಿದ್ದು ಸರಿ, ಕನ್ನಡ ಮಾತ್ರ ವಿಚಿತ್ರ

ಫೋಟೋ ದೋಷ ಅಲ್ಲ ಅಂತ ಖಾತ್ರಿಯಾದ ಮೇಲೆ ಇದು ಉಳಿಯುತ್ತದೆ. ಇಂಗ್ಲಿಷಿನಲ್ಲಿ ಒಂದು ಪದಕ್ಕೆ ಎರಡು ಅರ್ಥ ಇರುವ ಕಡೆ ಹೀಗಾಗುತ್ತದೆ. ಗಿಡಕ್ಕೂ ಕಾರ್ಖಾನೆಗೂ ಒಂದೇ ಪದ. ಔಷಧಿ ಹಾಕುವುದಕ್ಕೂ ಅರ್ಜಿ ಹಾಕುವುದಕ್ಕೂ ಒಂದೇ ಪದ. "ಸಸಿಗೆ ಅರ್ಜಿ ಸಲ್ಲಿಸಿ" ಅಂತ ಬಂದರೆ ಗಾಬರಿ ಬೇಡ. ಒಂದೊಂದೇ ಪದ ಕೊಟ್ಟಿದ್ದರೆ ಪೂರ್ತಿ ವಾಕ್ಯ ಕೊಟ್ಟು ನೋಡಿ, ಬಹಳ ಸಲ ಸರಿಹೋಗುತ್ತದೆ. ವಾಕ್ಯ ಸಾಲಿನ ಕೊನೆಯಲ್ಲಿ ಮುರಿದಿದ್ದರೆ, ಅಂಟಿಸಿದ ಕಡೆ ಎರಡು ಸಾಲನ್ನೂ ಒಂದು ಮಾಡಿ ಆಮೇಲೆ ಅನುವಾದಕ್ಕೆ ಕೊಡಿ.

ಇಲ್ಲಿಗೆ ನಿಲ್ಲಿಸಿ, ಜನರನ್ನು ಕೇಳಿ

ಮೂರು ಸಲ ಫೋಟೋ ತೆಗೆದ ಮೇಲೂ ಅಂಕಿ ಒಂದೊಂದು ಸಲ ಒಂದೊಂದು ಬಂದರೆ ನಿಲ್ಲಿಸಿ. ಹಾಳೆ ನೆನೆದು ಶಾಯಿ ಹರಡಿದ್ದರೆ, ಹರಿದು ಅಂಕಿ ಅರ್ಧ ಹೋಗಿದ್ದರೆ, ಶುರು ಮಾಡಲೇಬೇಡಿ. ಇಲ್ಲದ ಅಕ್ಷರವನ್ನು ಯಾವ ಕ್ಯಾಮೆರಾವೂ ತರುವುದಿಲ್ಲ. ಕೈಬರಹದ ಚೀಟಿ, ಅದರಲ್ಲೂ ಡಾಕ್ಟರ್ ಬರೆದದ್ದು, ಫೋಟೋ ಅನುವಾದಕ್ಕೆ ಕೊಡುವುದೇ ಬೇಡ. ಮೆಡಿಕಲ್ ಅಂಗಡಿಯಲ್ಲಿ ಕೇಳಿ.

ಕೀಟನಾಶಕದ ಅಳತೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹಾಳೆ ಸಮೇತ ಹೋಗಿ. ಕೋಲಾರದವರಿಗೆ ಟಮಕದಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಚಿಂತಾಮಣಿ ಹತ್ತಿರದ ಕುರುಬೂರಿನಲ್ಲಿ, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.

ಬಾಟ್ಲಿ ಮೇಲಿನ ಬಣ್ಣದ ತ್ರಿಕೋನಕ್ಕೆ ಅನುವಾದ ಬೇಕಾಗಿಲ್ಲ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಹಸಿರು ಎಲ್ಲಕ್ಕಿಂತ ಕಡಿಮೆ. ಕೆಂಪು, ಹಳದಿ ಇದ್ದ ಬಾಟ್ಲಿಯ ಅಳತೆಯನ್ನು ಫೋನ್ ಹೇಳಿತು ಅಂತ ಹಾಕಬೇಡಿ, ಮನುಷ್ಯರೊಬ್ಬರ ಬಾಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಯಾರಾದರೂ ಔಷಧಿ ಕುಡಿದಿದ್ದರೆ, ಹೊಡೆಯುವಾಗ ತಲೆ ಸುತ್ತಿ ವಾಂತಿ ಶುರುವಾಗಿದ್ದರೆ ಫೋಟೋ, ಅನುವಾದ ಅಂತ ಒಂದು ನಿಮಿಷವೂ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಬಾಟ್ಲಿಯನ್ನೂ ಹಾಳೆಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಆಸ್ಪತ್ರೆಗೆ ತಗೊಂಡು ಹೋಗಿ. ಹಾಳೆಯಲ್ಲಿ ಚಿಕಿತ್ಸೆಯ ವಿವರ ಇರುತ್ತದೆ, ಡಾಕ್ಟರ್ ಅದನ್ನು ಇಂಗ್ಲಿಷಿನಲ್ಲೇ ಓದಿಕೊಳ್ಳುತ್ತಾರೆ.

ಚಿಕ್ಕಪ್ಪ ಆ ಬೆಳಗ್ಗೆ `0.5 ml` ಓದಿದ ಮೇಲೂ ಅಂಗಡಿಗೆ ಹೋಗಿ ಹಾಳೆ ತೋರಿಸಿ ಕೇಳಿದರು. ಅವರೂ ಅರ್ಧ ಅಂದರು. ಸೂಜಿ ತೆಗೆದ ಸಿರಿಂಜಿನಲ್ಲಿ 8 ಎಂ.ಎಲ್. ಎಳೆದು ಟ್ಯಾಂಕಿಗೆ ಹಾಕಿದರು. ಆ ಸಿರಿಂಜು ಈಗ ಔಷಧಿಗೆ ಮಾತ್ರ ಮೀಸಲು, ಪಂಪ್ ಮನೆಯ ಮೇಲಿನ ಗೂಡಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.